ಹಿತಕಿದ ಬೇಳೆ ವರ್ಷವಿಡೀ ಫ್ರೀಜರಿನಲ್ಲಿ: ನನ್ನ ಅನುಭವ

ಫ್ರೀಜರಿನಿಂದ ತೆಗೆದ ಪ್ಯಾಕೆಟ್ಟಿನೊಳಗೆ ಪುಡಿ ಪುಡಿ ಹಿಮ ಇರುತ್ತದೆ ಅಲ್ವಾ, ಅದು ಎಲ್ಲಿಂದಲೋ ಬಂದು ಸೇರಿದ್ದಲ್ಲ. ನೀವು ಒಳಗಿಟ್ಟ ಕಾಳಿನದೇ ನೀರು ಅದು. ಎಷ್ಟು ಹಿಮ ಕಾಣುತ್ತದೋ ಅಷ್ಟು ಕಾಳು ಒಣಗಿದೆ ಎಂದೇ ಲೆಕ್ಕ. ಬೇಯಿಸಿದಾಗ ಬೇಳೆ ಬೆಣ್ಣೆಯಂತೆ ಮೆತ್ತಗಾಗದೆ ಹೊಟ್ಟು ಹೊಟ್ಟಾಗಿ ನಾಲಿಗೆಗೆ ತಾಗುವುದು ಇದರಿಂದಲೇ.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಮನೆಯಲ್ಲೇ ಅಡುಗೆ ಮಾಡಿ ಆರ್ಡರ್ ಕೊಡುತ್ತೇನೆ. ಹಿತಕವರೆ ಸಾರು ಬೇಕು ಎಂದು ಆಷಾಢದಲ್ಲೂ ಕೇಳುತ್ತಾರೆ, ದಸರೆಗೂ ಕೇಳುತ್ತಾರೆ. ಆದರೆ ಸೊಗಡು ತುಂಬಿದ ಅವರೆಕಾಯಿ ಸಿಗುವುದು ಚಳಿಗಾಲದಲ್ಲಿ ಮಾತ್ರ. ಸಂಕ್ರಾಂತಿ ಹತ್ತಿರ ಬಂದಾಗ ದೇವರಾಜ ಮಾರುಕಟ್ಟೆಯಲ್ಲಿ ರಾಶಿ ರಾಶಿ ಬೀಳುತ್ತದೆ, ಬೆಲೆಯೂ ಇಳಿಯುತ್ತದೆ. ಆಗ ಕೊಂಡು, ಸುಲಿದು, ನೆನೆಸಿ, ಹಿತಕಿ ವರ್ಷಕ್ಕೆ ಇಟ್ಟುಕೊಳ್ಳುತ್ತೇನೆ. ಹಿತಕುವ ಕೆಲಸ ಎಷ್ಟು ಕೈನೋವಿನದು ಎಂದು ಮಾಡಿದವರಿಗೇ ಗೊತ್ತು. ಅಷ್ಟು ಕಷ್ಟಪಟ್ಟ ಬೇಳೆ ಕವರಿನೊಳಗೆ ಒಣಗಿ ಹೋಗಬಾರದು.

ಫ್ರೀಜರಿನಲ್ಲಿ ಇಟ್ಟ ಮೇಲೆ ನೀರು ಗಟ್ಟಿಯಾಗಿ ಅಲ್ಲೇ ನಿಲ್ಲುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಮಂಜುಗಡ್ಡೆ ಕರಗದೆಯೇ ನೇರವಾಗಿ ಆವಿಯಾಗುತ್ತದೆ. ಟ್ರೇಯಲ್ಲಿ ತಿಂಗಳುಗಟ್ಟಲೆ ಬಿಟ್ಟ ಐಸ್ ತುಂಡುಗಳು ಚಿಕ್ಕದಾಗಿರುವುದನ್ನು ನೀವೂ ನೋಡಿರಬಹುದು. ಅದೇ ಕೆಲಸ ಕಾಳಿನ ಮೇಲೂ ನಡೆಯುತ್ತದೆ. ಮೇಲಿನ ಪದರದ ಐಸ್ ಆವಿಯಾಗಿ ಹೋದಾಗ ಅಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತದೆ, ಜಾಗ ಬೆಳ್ಳಗೆ ಒಣಗುತ್ತದೆ. ಇದನ್ನೇ ಫ್ರೀಜರ್ ಬರ್ನ್ ಎನ್ನುವುದು. ಆ ತೂತುಗಳೊಳಗೆ ಗಾಳಿ ನುಗ್ಗಿದರೆ ರುಚಿಯೂ ವಾಸನೆಯೂ ಕೆಡುತ್ತದೆ.

ಆವಿ ಹೊರಬರಬೇಕಾದರೆ ಅದಕ್ಕೆ ಜಾಗ ಬೇಕು. ಕವರಿಗೂ ಕಾಳಿಗೂ ನಡುವೆ ಉಳಿದ ಗಾಳಿಯೇ ಆ ಜಾಗ. ಬಾಗಿಲು ತೆಗೆದಾಗ, ಕರೆಂಟ್ ಹೋದಾಗ, ಒಳಗೆ ಬಿಸಿ ಪಾತ್ರೆ ಇಟ್ಟಾಗ ಚಳಿ ಸ್ವಲ್ಪ ಕಡಿಮೆಯಾಗುತ್ತದೆ. ಆಗ ಕಾಳಿನಿಂದ ಆವಿ ಜಾಸ್ತಿ ಹೊರಡುತ್ತದೆ. ಮತ್ತೆ ಚಳಿ ಏರಿದಾಗ ಮೊದಲು ತಣ್ಣಗಾಗುವುದು ಕವರು. ಆವಿ ಅದಕ್ಕೆ ಅಂಟಿ ಹಿಮವಾಗುತ್ತದೆ, ವಾಪಸ್ ಕಾಳಿನೊಳಗೆ ಹೋಗುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಹೀಗೆ ನಡೆದು ಯುಗಾದಿಯ ಹೊತ್ತಿಗೆ ಪ್ಯಾಕೆಟ್ ತುಂಬ ಹಿಮ. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಇನ್ನೂ ಎರಡು ಕಾರಣ ಸೇರುತ್ತವೆ. ಒಳಗೆ ಫ್ಯಾನ್ ಒಣಗಾಳಿ ಬೀಸುತ್ತಿರುತ್ತದೆ. ಹಿಂದಿನ ಕಾಯಿಲ್ ಮೇಲಿನ ಐಸ್ ಕರಗಿಸಲು ಒಂದು ಹೀಟರ್ ಆಗಾಗ ತಾನೇ ಆನ್ ಆಗುತ್ತದೆ. ಗೋಡೆಗೆ ಐಸ್ ಕಟ್ಟುವುದಿಲ್ಲ ಎಂಬುದು ನಮಗೆ ಅನುಕೂಲ. ಸರಿಯಾಗಿ ಸುತ್ತದ ಪದಾರ್ಥ ಅದರಲ್ಲೇ ಬೇಗ ಒಣಗುತ್ತದೆ.

ಇನ್ನು ನಾನು ಮಾಡುವ ರೀತಿ ಹೇಳುತ್ತೇನೆ.

ಹಿತಕಿದ ಬೇಳೆಯನ್ನು ಹಸಿಯಾಗಿ ಕಟ್ಟಿಡುವುದಿಲ್ಲ. ಅರ್ಧ ಕೆಜಿ ಬೇಳೆಗೆ ಸುಮಾರು ನಾಲ್ಕು ಲೀಟರ್ ನೀರು ಕುದಿಸುತ್ತೇನೆ. ನೀರು ಇಷ್ಟಿದ್ದರೆ ಬೇಳೆ ಹಾಕಿದ ಒಂದು ನಿಮಿಷದೊಳಗೆ ಮತ್ತೆ ಕುದಿ ಬರುತ್ತದೆ. ಕುದಿ ಬಂದ ಮೇಲೆ ಎರಡು ನಿಮಿಷ, ಅಷ್ಟೇ. ಬೇಯಬಾರದು. ಹಸಿ ಕಾಳಿನ ಬಣ್ಣ, ಪರಿಮಳ ಕೆಡಿಸುವ ಕಿಣ್ವಗಳು ಫ್ರೀಜರಿನ ಚಳಿಗೂ ಪೂರ್ತಿ ಸುಮ್ಮನಾಗುವುದಿಲ್ಲ. ಈ ಕುದಿಗೆ ಅವು ನಿಲ್ಲುತ್ತವೆ. ತಕ್ಷಣ ಐಸ್ ಹಾಕಿದ ನೀರಿಗೆ ಸುರಿದು ಪೂರ್ತಿ ಆರಿಸುತ್ತೇನೆ.

ಮುಂದಿನದು ಒಣಗಿಸುವುದು. ಜನ ಅವಸರ ಮಾಡುವುದು ಇಲ್ಲೇ. ಸೋಸಿದ ಕೂಡಲೇ ಕವರಿಗೆ ತುಂಬಿದರೆ ಮೇಲಿನ ತೇವವೆಲ್ಲ ಐಸ್ ಆಗಿ ಬೇಳೆ ಒಂದಕ್ಕೊಂದು ಅಂಟುತ್ತದೆ. ಕಾಟನ್ ಪಂಚೆಯ ಮೇಲೆ ಹರಡಿ, ಮೇಲೆ ಇನ್ನೊಂದು ಬಟ್ಟೆ ಹಾಕಿ ಒತ್ತಿ, ಫ್ಯಾನ್ ಕೆಳಗೆ ಬಿಡುತ್ತೇನೆ. ಕೈಗೆ ತೇವ ತಾಗಬಾರದು, ಬೇಳೆ ಬಾಡಲೂಬಾರದು.

ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿಗೆ. ತೆಳ್ಳಗೆ ಹರಡಿದರೆ ಬೇಗ ಗಟ್ಟಿಯಾಗುತ್ತದೆ. ಬೇಗ ಗಟ್ಟಿಯಾದರೆ ಕಾಳಿನೊಳಗಿನ ಐಸ್ ಹರಳು ಸಣ್ಣದಿರುತ್ತದೆ. ಒಂದು ಕೆಜಿಯನ್ನು ಒಟ್ಟಿಗೆ ಗಂಟು ಕಟ್ಟಿಟ್ಟರೆ ನಡುವಿನದು ನಿಧಾನವಾಗಿ ಗಟ್ಟಿಯಾಗಿ ದೊಡ್ಡ ಹರಳಾಗುತ್ತದೆ, ಅದು ಕಾಳಿನ ಒಳಗನ್ನೇ ಸೀಳುತ್ತದೆ. ಕರಗಿದಾಗ ನೀರು ಬಿಟ್ಟು ಬೇಳೆ ಸಪ್ಪೆಯಾಗುತ್ತದೆ. ತಟ್ಟೆಯಲ್ಲಿ ಒಂದೆರಡು ಗಂಟೆ ಸಾಕು. ಬೇಳೆ ಕಲ್ಲಿನಂತೆ ಸದ್ದು ಮಾಡಿದರೆ ಆಯಿತು. ರಾತ್ರಿಯಿಡೀ ತೆರೆದು ಬಿಡಬೇಡಿ, ಒಣಗುವುದು ತಟ್ಟೆಯಲ್ಲೇ ಶುರುವಾಗುತ್ತದೆ. ಒಂದೇ ದಿನ ತುಂಬಾ ಹಾಕುವುದೂ ಬೇಡ. ಸಾಮಾನ್ಯ ಮನೆಯ ಫ್ರಿಜ್ಜಿನ ಮೇಲಿನ ಫ್ರೀಜರಿಗೆ ದಿನಕ್ಕೆ ಎರಡು ಕೆಜಿ ಹೊಸ ಪದಾರ್ಥ ಸಾಕು. ಅದಕ್ಕಿಂತ ಜಾಸ್ತಿ ತುಂಬಿದರೆ ಹೊಸದೂ ನಿಧಾನ, ಪಕ್ಕದಲ್ಲಿದ್ದ ಹಳೆಯದಕ್ಕೂ ಬಿಸಿ ತಾಗುತ್ತದೆ.

ಈಗ ಕವರು. ತರಕಾರಿ ತರುವ ತೆಳು ಕವರು ಇದಕ್ಕೆ ಬರುವುದಿಲ್ಲ. ಅದು ನೀರು ತಡೆಯುತ್ತದೆ, ಆದರೆ ಆವಿ ನಿಧಾನವಾಗಿ ದಾಟಿ ಹೋಗುತ್ತದೆ. ಫ್ರೀಜರಿಗೆಂದೇ ಮಾಡಿದ ದಪ್ಪ ಜಿಪ್ ಕವರು ತೆಗೆದುಕೊಳ್ಳಿ. ಒಂದು ಸಲದ ಸಾರಿಗೆ ಎಷ್ಟು ಬೇಕೋ ಅಷ್ಟೇ, ನನಗೆ ಕಾಲು ಕೆಜಿ. ಗಟ್ಟಿಯಾದ ಬೇಳೆ ಸುರಿದು, ಕವರನ್ನು ಮೇಜಿನ ಮೇಲೆ ಮಲಗಿಸಿ ಕೈಯಿಂದ ಚಪ್ಪಟೆ ಮಾಡುತ್ತೇನೆ. ಜಿಪ್ ಮೂಲೆಯಲ್ಲಿ ಒಂದು ಬೆರಳಷ್ಟು ಬಿಟ್ಟು ಉಳಿದದ್ದು ಮುಚ್ಚಿ, ಬಕೆಟ್ ತಣ್ಣೀರಿನಲ್ಲಿ ನಿಧಾನವಾಗಿ ಇಳಿಸುತ್ತೇನೆ. ನೀರಿನ ಒತ್ತಡಕ್ಕೆ ಕವರು ಕಾಳಿಗೆ ಅಂಟಿಕೊಳ್ಳುತ್ತದೆ, ಗಾಳಿ ಬೆರಳಿನ ಸಂದಿಯಿಂದ ಹೊರಗೆ ಬರುತ್ತದೆ. ಬಾಯಿ ಮಾತ್ರ ನೀರಿನ ಮೇಲಿರಬೇಕು. ಪೂರ್ತಿ ಇಳಿದಾಗ ಮೂಲೆ ಒತ್ತಿ ಮುಚ್ಚಿ. ಈ ಕೆಲಸ ಕ್ಷಣದಲ್ಲಿ ಮುಗಿಯಬೇಕು, ಬೇಳೆ ಕರಗಬಾರದು. ಹೊರಗಿನ ನೀರು ಒರೆಸಿ, ನಾಲ್ಕೈದು ಪ್ಯಾಕೆಟ್ ಸೇರಿಸಿ ಇನ್ನೊಂದು ದೊಡ್ಡ ಕವರಿಗೆ ಹಾಕಿ, ಅದರ ಗಾಳಿಯನ್ನೂ ಒತ್ತಿ ತೆಗೆಯುತ್ತೇನೆ. ಮೇಲೆ ತಿಂಗಳು ಮತ್ತು ತೂಕ ಬರೆಯುತ್ತೇನೆ.

ತೂಕ ಬರೆಯುವುದಕ್ಕೆ ಕಾರಣವಿದೆ. ಒಂದು ವರ್ಷ ಪರೀಕ್ಷೆಗೆಂದೇ ಒಂದೇ ರಾಶಿಯ ಬೇಳೆಯನ್ನು ಬೇರೆ ಬೇರೆ ರೀತಿ ಇಟ್ಟೆ. ಒಂದು ತೆಳು ಕವರಿನಲ್ಲಿ ಗಂಟು ಹಾಕಿ, ಒಂದು ಅರ್ಧ ತುಂಬಿದ ಪ್ಲಾಸ್ಟಿಕ್ ಡಬ್ಬದಲ್ಲಿ, ಒಂದು ನೀರಿಗಿಳಿಸಿ ಗಾಳಿ ತೆಗೆದು. ಮಳೆಗಾಲದಲ್ಲಿ ತೆಗೆದು ಹಿಮ ಕೊಡವಿ ತೂಗಿದೆ. ತೆಳು ಕವರಿನದು ಎದ್ದು ಕಾಣುವಷ್ಟು ಹಗುರವಾಗಿತ್ತು. ಡಬ್ಬದಲ್ಲಿ ಕೆಳಗಿನ ಬೇಳೆ ಚೆನ್ನಾಗಿತ್ತು, ಮೇಲಿನ ಪದರ ಮಾತ್ರ ಬೆಳ್ಳಗಾಗಿತ್ತು, ಮುಚ್ಚಳದ ಒಳಗೆ ಹಿಮ. ಮುಚ್ಚಳ ಎಷ್ಟೇ ಬಿಗಿಯಿದ್ದರೂ ಒಳಗಿನ ಖಾಲಿ ಜಾಗವೇ ಸಾಕು. ಡಬ್ಬವೇ ಬೇಕು ಎನ್ನುವವರು ಬೇಳೆಯ ಮೇಲೆಯೇ ಒಂದು ಪ್ಲಾಸ್ಟಿಕ್ ಹಾಳೆ ಒತ್ತಿ ಹಾಸಿ. ಸಾರು, ರಸದಂಥ ನೀರಿನ ಪದಾರ್ಥಕ್ಕೆ ಮಾತ್ರ ಮೇಲೆ ಒಂದಿಷ್ಟು ಜಾಗ ಬಿಡಲೇಬೇಕು, ಗಟ್ಟಿಯಾದಾಗ ನೀರು ಹಿಗ್ಗುತ್ತದೆ. ನೀರಿಗಿಳಿಸಿ ಕಟ್ಟಿದ್ದರಲ್ಲಿ ತೂಕ ಹೆಚ್ಚುಕಡಿಮೆ ಹಾಗೇ ಇತ್ತು.

ಪಕ್ಕದ ಮನೆಯ ಹುಡುಗಿ ಒಮ್ಮೆ ಪ್ಯಾಕೆಟ್ ಹಿಡಿದು ಬಂದಳು. “ಅಕ್ಕಾ, ನಮ್ಮ ಫ್ರಿಜ್ಜಲ್ಲಿ ಐಸ್ ಜಾಸ್ತಿ ಆಗ್ತಿದೆ. ಫ್ರಿಜ್ಜೇ ಕೆಟ್ಟಿದ್ಯಾ?”

“ಐಸ್ ಎಲ್ಲಿದೆ ಅಂತ ಮೊದಲು ನೋಡಮ್ಮ” ಅಂದೆ.

ಅದನ್ನು ನೋಡಿದರೇ ಅರ್ಧ ವಿಷಯ ತಿಳಿಯುತ್ತದೆ. ಪ್ಯಾಕೆಟ್ಟಿನ ಹೊರಗೆ, ಗೋಡೆಯ ಮೇಲೆ ಹಿಮವಿದ್ದರೆ ಅದು ಹೊರಗಿನ ಗಾಳಿಯ ತೇವ. ಬಾಗಿಲಿನ ರಬ್ಬರು ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಪದೇ ಪದೇ ಬಾಗಿಲು ತೆಗೆಯುತ್ತಿದ್ದೀರಿ. ಪ್ಯಾಕೆಟ್ಟಿನ ಒಳಗೆ ಪುಡಿ ಹಿಮವಿದ್ದು ಕಾಳು ಬಿಡಿಬಿಡಿಯಾಗಿದ್ದರೆ ಅದು ಕಾಳಿನದೇ ನೀರು, ಕಟ್ಟುವುದನ್ನು ಸರಿಮಾಡಬೇಕು. ಬಿಡಿಬಿಡಿಯಾಗಿ ಇಟ್ಟದ್ದು ಗಡ್ಡೆ ಕಟ್ಟಿ ತಳದಲ್ಲಿ ಗಾಜಿನಂಥ ಐಸ್ ಕಂಡರೆ ಅದು ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ. ಬರಿ ಒಣಗಿದ್ದು ತಿನ್ನಲು ಅಪಾಯವಲ್ಲ, ರುಚಿ ಮಾತ್ರ ಹೋಗಿರುತ್ತದೆ. ಕರಗಿ ಎಷ್ಟು ಹೊತ್ತು ಬಿಸಿಯಲ್ಲಿತ್ತೋ ಗೊತ್ತಿಲ್ಲದ್ದನ್ನು, ಅದರಲ್ಲೂ ಮಟನ್, ಮೀನನ್ನು ನಾನು ಇಟ್ಟುಕೊಳ್ಳುವುದಿಲ್ಲ. ಅವಳ ಪ್ಯಾಕೆಟ್ಟಿನಲ್ಲಿ ಇದ್ದದ್ದು ಒಳಗಿನ ಪುಡಿ ಹಿಮ. ಫ್ರಿಜ್ಜು ಸರಿಯಾಗೇ ಇತ್ತು.

ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿ ನಿಲ್ಲಬೇಕು. ಒಂದು ಸಣ್ಣ ಥರ್ಮಾಮೀಟರ್ ಒಳಗಿಟ್ಟು ನೋಡಿ, ಗುಂಡಿಯ ಮೇಲಿನ ಅಂಕಿ ಡಿಗ್ರಿ ಅಲ್ಲ. ವರ್ಷಕ್ಕೆ ಇಡುವ ಪ್ಯಾಕೆಟ್ ಹಿಂದೆ, ಕೆಳಗೆ ಇರಲಿ. ಬಾಗಿಲ ಹತ್ತಿರ ದಿನಾ ತೆಗೆಯುವ ತೆಂಗಿನ ತುರಿ ಇಡಿ. ತುರಿಯನ್ನೂ ಒಂದು ದೊಡ್ಡ ಡಬ್ಬದಲ್ಲಿ ಹಾಕಿ ದಿನಾ ಕೆರೆದು ತೆಗೆಯುವುದಕ್ಕಿಂತ ಸಣ್ಣ ಸಣ್ಣ ಚಪ್ಪಟೆ ಪ್ಯಾಕೆಟ್ ಮಾಡುವುದು ಒಳ್ಳೆಯದು. ಕರೆಂಟ್ ಹೋದರೆ ಬಾಗಿಲು ತೆಗೆಯದಿರುವುದೇ ದೊಡ್ಡ ಉಪಾಯ. ತುಂಬಿದ ಫ್ರೀಜರ್ ಖಾಲಿಯದಕ್ಕಿಂತ ಹೆಚ್ಚು ಹೊತ್ತು ಚಳಿ ಹಿಡಿದಿಡುತ್ತದೆ.

ಮಟನ್‌ಗೆ ನೀರಿಗಿಳಿಸುವುದಕ್ಕಿಂತ ಮೊದಲು ಕ್ಲಿಂಗ್ ಫಿಲ್ಮ್‌ನಲ್ಲಿ ಬಿಗಿಯಾಗಿ ಸುತ್ತುವುದು ಮೇಲು, ಆಮೇಲೆ ಜಿಪ್ ಕವರು. ಮೂಳೆಯ ಚೂಪು ತುದಿ ಕವರು ತೂತು ಮಾಡುತ್ತದೆ, ಅದಕ್ಕೆ ಅಲ್ಲಿ ಫಿಲ್ಮ್ ಎರಡು ಸುತ್ತು ಜಾಸ್ತಿ ಹಾಕಿ. ಕೊಬ್ಬು ಗಾಳಿಗೆ ಬೇಗ ಕಮಟು ವಾಸನೆ ಹಿಡಿಯುವುದರಿಂದ ಮಟನ್ ಅನ್ನು ನಾನು ಕಾಳಿನಷ್ಟು ದಿನ ಇಡುವುದಿಲ್ಲ. ಹಿತಕಿದ ಬೇಳೆ ಮಾತ್ರ ಮುಂದಿನ ಸುಗ್ಗಿಯವರೆಗೂ ಬರುತ್ತದೆ.

ಬಳಸುವಾಗ ಬೇಳೆ ಕರಗಿಸಬೇಡಿ. ಮಸಾಲೆ ಕುದಿಯುತ್ತಿರುವಾಗ ಪ್ಯಾಕೆಟ್ಟಿನಿಂದ ನೇರವಾಗಿ ಸುರಿಯಿರಿ. ಒಳಗೆ ಸ್ವಲ್ಪ ಹಿಮ ಕಂಡರೆ ಅದನ್ನು ಮೊದಲು ಕೊಡವಿ, ಅದಕ್ಕೆ ಫ್ರಿಜ್ಜಿನ ವಾಸನೆ ಹತ್ತಿರುತ್ತದೆ. ಬೆಳ್ಳಗೆ ಒಣಗಿದ ಬೇಳೆ ಉಸಲಿಗೆ, ಉಪ್ಪಿಟ್ಟಿಗೆ ಆಗುವುದಿಲ್ಲ. ಒಂದು ಹಿಡಿ ಬೇಯಿಸಿ ಮಸಾಲೆ ಜೊತೆ ರುಬ್ಬಿದರೆ ಸಾರು ಗಟ್ಟಿಯಾಗಲು ಬರುತ್ತದೆ.