ಗೈಡ್ ಕಳಿಸುವ ‘ಓಕೆ, ನೋಡೋಣ’ವನ್ನು ನಾನು ಓದುವ ಬಗೆ

ಪಿಎಚ್‌ಡಿ ಗೈಡ್ ಅವರ ವಾಟ್ಸಾಪ್ ಉತ್ತರದಲ್ಲಿ ನಾನು ಮೊದಲು ಹುಡುಕುವುದು ಹೊಗಳಿಕೆಯನ್ನಲ್ಲ, ಪುಟ ಸಂಖ್ಯೆಯನ್ನು. ಬರೆದದ್ದರಲ್ಲಿ ಇಂಥದ್ದೇ ಜಾಗವನ್ನು ಬೆರಳಿಟ್ಟು ತೋರಿಸಿದ್ದಾರಾ ಎನ್ನುವುದು ಮುಖ್ಯ.

ಗ್ರಾಮ ಪಂಚಾಯಿತಿ ಮಹಿಳಾ ಸದಸ್ಯರ ಕುರಿತ ಪ್ರಬಂಧದ ಮೂರನೇ ಅಧ್ಯಾಯ ಕಳಿಸಿದ್ದೀರಿ ಎಂದಿಟ್ಟುಕೊಳ್ಳಿ. ಒಂದು ಉತ್ತರ ಹೀಗೆ ಬರಬಹುದು: “ಕೋಷ್ಟಕ 3.2ರ ಒಟ್ಟು 120 ಅಲ್ಲ, 117 ಬರ್ತಿದೆ. ಹೀಗೆ ಕಳಿಸಿದ್ರೆ ಹೇಗ್ರೀ? ಇವೇ ಎರಡು ತಾಲ್ಲೂಕು ಯಾಕೆ ಅಂತ ಎಲ್ಲಿ ಬರೆದಿದ್ದೀರಿ?” ಇನ್ನೊಂದು: “ನೋಡಿದೆ. ಚೆನ್ನಾಗಿದೆ. ಇನ್ನಷ್ಟು ಓದಿ.” ಮೊದಲನೆಯದು ಬೈಗುಳದ ಹಾಗಿದ್ದರೂ ಪ್ರೋತ್ಸಾಹವೇ. ಅವರು ಕೂತು ಕೋಷ್ಟಕ ಕೂಡಿಸಿ ನೋಡಿದ್ದಾರೆ, ಮೌಖಿಕ ಪರೀಕ್ಷೆಯಲ್ಲಿ ಏಳುವ ಪ್ರಶ್ನೆಯನ್ನು ಈಗಲೇ ಕೇಳಿದ್ದಾರೆ. ಎರಡನೆಯದರಲ್ಲಿ ಏನು ಓದಬೇಕೆಂದೇ ಇಲ್ಲ. ಸಿನಾಪ್ಸಿಸ್ ಹಂತದಲ್ಲಾದರೆ ‘ಇನ್ನಷ್ಟು ಓದಿ’ ಸಹಜ ಸಲಹೆ. ದತ್ತಾಂಶ ಸಂಗ್ರಹ ಮುಗಿದ ಮೇಲೆ ಅದೇ ಮಾತು ಬಂದರೆ, ವಿಷಯದ ಮೇಲೆ ಅವರಿಗೆ ನಂಬಿಕೆ ಕಡಿಮೆಯಾಗಿರಬಹುದು.

ಹಾಗೆಂದು ಚುಟುಕು ಉತ್ತರವನ್ನೆಲ್ಲ ಅನುಮಾನಿಸಬೇಕಿಲ್ಲ. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8 ಮಂದಿ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು. ಎಲ್ಲರಿಗೂ ‘ಓಕೆ’ ಎಂದಷ್ಟೇ ಬರೆಯುವವರು ಬೇಕಾದಷ್ಟಿದ್ದಾರೆ. ಚಾಟ್ ಮೇಲಕ್ಕೆ ಸರಿಸಿ ಅವರ ಹಳೆಯ ಉತ್ತರಗಳ ಜೊತೆಗೇ ಹೋಲಿಸಿ. ಮೊದಲು ವಾಯ್ಸ್ ನೋಟ್ ಕಳಿಸುತ್ತಿದ್ದವರು ಈಗ ಹೆಬ್ಬೆರಳಿನ ಗುರುತಿಗೆ ಇಳಿದಿದ್ದರೆ ಗಮನಿಸಬೇಕು. ಮೌಲ್ಯಮಾಪನ, ನ್ಯಾಕ್ ತಂಡದ ಭೇಟಿಯ ದಿನಗಳನ್ನು ಮಾತ್ರ ಈ ಲೆಕ್ಕದಿಂದ ಬಿಟ್ಟುಬಿಡಿ.

ನನಗೆ ನಿಜಕ್ಕೂ ಕಳವಳ ತರುವ ಮಾತು “ನಿಮ್ಮಿಷ್ಟ.” ಅದಕ್ಕೂ ಮುಂಚೆಯೇ ಇನ್ನೊಂದು ಬದಲಾವಣೆ ಆಗಿರುತ್ತದೆ: ಮುಂದಿನ ಅಧ್ಯಾಯ, ಸೆಮಿನಾರ್, ಲೇಖನದ ಗಡುವು ಇವುಗಳ ಮಾತನ್ನು ಅವರಾಗಿ ಎತ್ತುವುದು ನಿಂತಿರುತ್ತದೆ.

ಅನುಮಾನ ಬಂದಾಗ “ಹೇಗಿದೆ ಸರ್?” ಎಂದು ಕೇಳಿ ಪ್ರಯೋಜನವಿಲ್ಲ, ಸೌಜನ್ಯಕ್ಕೆ “ಚೆನ್ನಾಗಿದೆ” ಅಂದುಬಿಡುತ್ತಾರೆ. ನಾನು ಆಯ್ಕೆ ಇಟ್ಟು ಕೇಳುತ್ತೇನೆ: “ಸರ್, ಈ ಅಧ್ಯಾಯವನ್ನು ಈ ಸಲದ ಸಲಹಾ ಸಮಿತಿ ಸಭೆಗೆ ಇಡಲೇ, ಅಥವಾ ಸ್ಯಾಂಪಲ್ ಭಾಗ ತಿದ್ದಿದ ಮೇಲೆ ಇಡಲೇ?” ಯಾವುದನ್ನು ಆರಿಸಿದರೂ ಕೆಲಸ ಮುಂದಕ್ಕೆ ಹೋಗುತ್ತದೆ. ಇದಕ್ಕೂ ಎರಡು ಸಲ “ನೋಡೋಣ” ಎಂದೇ ಬಂದರೆ ಚಾಟ್‌ನಲ್ಲಿ ಕೇಳುವುದನ್ನು ನಿಲ್ಲಿಸಿ. ತಕರಾರಿರಬಹುದಾದ ಹತ್ತು ಪುಟ ಪ್ರಿಂಟ್ ಹಾಕಿಸಿ ವಿಭಾಗಕ್ಕೇ ಹೋಗುವುದು ಒಳ್ಳೆಯದು. ಎದುರಿಗೆ ಕೂತಾಗ ಪೆನ್ನು ತೆಗೆಯುತ್ತಾರಾ ನೋಡಿ.

ಅಲ್ಲಿಯೂ ಸ್ಪಷ್ಟವಾಗದಿದ್ದರೆ ಸಂಶೋಧನಾ ಸಲಹಾ ಸಮಿತಿ ಇದೆ. ಅದರ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ಮಂಡಿಸಬೇಕು. ತೃಪ್ತಿಕರವಲ್ಲವೆಂದರೆ ಸಮಿತಿ ಕಾರಣ ದಾಖಲಿಸಿ ಏನು ಸರಿಪಡಿಸಬೇಕೆಂದು ಸೂಚಿಸಬೇಕೆಂಬುದು ಅದೇ ಯುಜಿಸಿ ನಿಯಮದಲ್ಲಿದೆ. ಗೈಡ್ ಆ ಸಮಿತಿಯ ಸಂಚಾಲಕರೂ ಆಗಿರುವುದರಿಂದ, ಚಾಟ್‌ನಲ್ಲಿ ತೇಲಿಸಿದ ಮಾತನ್ನು ಅಲ್ಲಿ ಬಿಡಿಸಿ ಹೇಳಲೇಬೇಕಾಗುತ್ತದೆ.