ಆರ್ಡರ್ ಮೆಸೇಜಿನ ಕೊನೆಗೆ ಒಂದೇ ಸಾಲು

ನಮ್ಮ ಮಡಿಕೇರಿ ಕಡೆಯಿಂದ ವಾಟ್ಸಾಪ್‌ನಲ್ಲಿ ಮಸಾಲೆ ಮಾರುವವರಿಗೆ ಒಂದು ಮಾತು. 250 ಗ್ರಾಂ ಪಂದಿ ಕರಿ ಮಸಾಲೆಗೆ ಆರ್ಡರ್ ಬಂತು ಅಂದುಕೊಳ್ಳಿ. ಮೊದಲು ಮೊತ್ತ, ವಿಳಾಸ, ಕಳಿಸುವ ದಿನ ಬರೆಯಿರಿ. ಕೊನೆಗೆ, ಆ ಕರಿಗೆ ಹಾಕುವ ಹುಳಿಯಾದ ಕಾಚಂಪುಳಿ ಬಗ್ಗೆ ಹೀಗೆ ಸೇರಿಸಿ: "ಜೊತೆಗೆ 100 ಮಿ.ಲೀ. ಕಾಚಂಪುಳಿ ಬೇಕಾ? ಕೊರಿಯರ್ ಖರ್ಚು ಜಾಸ್ತಿ ಆಗಲ್ಲ. ಸಂಜೆ 4ರೊಳಗೆ ತಿಳಿಸಿ."

ಈ ಮಾತು ಕೊಡುವ ಮೊದಲು ಎರಡನ್ನೂ ಪ್ಯಾಕ್ ಮಾಡಿ ತೂಗಿ ನೋಡಿ. ಅರ್ಧ ಕಿಲೋ ಲೆಕ್ಕದ ಕೊರಿಯರ್ ಆದರೆ ಗಾಜಿನ ಬಾಟಲಿಯೇ ತೂಕ ದಾಟಿಸಿಬಿಡಬಹುದು.

ನಾನು ಮೊದಲು ಜೇನು, ಏಲಕ್ಕಿ, ಕಾಫಿ ಪುಡಿ ಎಲ್ಲ ಪಟ್ಟಿ ಮಾಡುತ್ತಿದ್ದೆ. ಒಬ್ಬರು ಫೋನ್ ಮಾಡಿ, "ನನ್ನ ಆರ್ಡರ್ ಆಯ್ತಾ, ಇಲ್ವಾ?" ಅಂತ ಕೇಳಿದರು! ಕಾಚಂಪುಳಿ ಆಗಲೇ ತಗೊಂಡವರಿಗೆ ಆ ಸಾಲು ಬೇಡ.