ಮಾಲು ತಡವಾಗುತ್ತದೆ ಎಂದು ಗಿರಾಕಿಗೆ ಬರೆಯುವ ಫೋರ್ಸ್ ಮೆಜ್ಯೂರ್ ಪತ್ರ

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಸಣ್ಣ ಘಟಕಗಳಿಗೆ ವ್ಯಾಪಾರದ ಪತ್ರಗಳನ್ನು ಬರೆದುಕೊಡುವ ಕೆಲಸ ನನ್ನದು. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮಂಗಳೂರಿನ ದಾರಿ ಮುಚ್ಚಿದಾಗ ಬರೆದ ಪತ್ರವನ್ನು ಹಲವರು ಈಗಲೂ ಇಟ್ಟುಕೊಂಡಿದ್ದಾರೆ. ಲಾರಿ ಮುಷ್ಕರವಾಗಲಿ, ಘಾಟಿಯಲ್ಲಿ ಗುಡ್ಡ ಕುಸಿಯಲಿ, ತಾರೀಕು ಮಾತ್ರ ಬದಲಾಯಿಸಿ ಅದನ್ನೇ ಎಲ್ಲ ಗಿರಾಕಿಗಳಿಗೂ ಕಳುಹಿಸುತ್ತಾರೆ. ‘ನಮ್ಮ ನಿಯಂತ್ರಣ ಮೀರಿದ ಕಾರಣಗಳಿಂದ ಮುಂದಿನ ಸೂಚನೆಯವರೆಗೆ ಎಲ್ಲ ಪೂರೈಕೆ ಸ್ಥಗಿತ’ ಎಂಬ ಆ ಒಂದು ವಾಕ್ಯದಿಂದ ಗಿರಾಕಿಗೆ ಏನೂ ತಿಳಿಯುವುದಿಲ್ಲ, ಬರೆದವರಿಗೆ ರಕ್ಷಣೆಯೂ ಸಿಗುವುದಿಲ್ಲ.

ಬದಿಯಡ್ಕದ ಸಮೀಪ ಅಡಿಕೆ ಹಾಳೆಯ ತಟ್ಟೆ ಮಾಡುವ ಒಂದು ಘಟಕವಿದೆ ಎಂದು ಇಟ್ಟುಕೊಳ್ಳೋಣ. ಒಣಗಿದ ಹಾಳೆ ತೀರ್ಥಹಳ್ಳಿ ಕಡೆಯ ವ್ಯಾಪಾರಿಯಿಂದ ಬರುತ್ತದೆ. ಆಗಸ್ಟ್ 8ರಂದು ಅಲ್ಲಿಯ ಗೋದಾಮಿನಲ್ಲಿ ಲೋಡಿಂಗ್ ಕಾರ್ಮಿಕರು ಮುಷ್ಕರ ಹೂಡಿದರು. ಘಟಕದ ಮುಂದೆ ಆಗ ಮೂರು ಆರ್ಡರುಗಳಿದ್ದವು: ಮಂಗಳೂರಿಗೆ 10,000 ತಟ್ಟೆ, ಬೆಂಗಳೂರಿಗೆ 45,000, ಕೋಝಿಕ್ಕೋಡಿಗೆ 15,000. ಮಂಗಳೂರಿನದು ಆಗಸ್ಟ್ 5ಕ್ಕೇ ಹೋಗಬೇಕಿತ್ತು. ಬೆಂಗಳೂರಿನದಕ್ಕೆ 20, ಕೋಝಿಕ್ಕೋಡಿನದಕ್ಕೆ 25 ಕೊನೆಯ ದಿನ.

ಮೊದಲು ಕರಾರು ಓದಿ

ಫೋರ್ಸ್ ಮೆಜ್ಯೂರ್ ಎಂಬುದು ಕಾನೂನು ತಾನಾಗಿ ಕೊಡುವ ರಜೆಯಲ್ಲ, ಅದು ಕೈಮೀರಿದ ಘಟನೆಯಿಂದ ಮಾಲು ತಡವಾದರೆ ವಿನಾಯಿತಿ ಕೊಡುವ, ಕರಾರಿನ ಒಂದು ಷರತ್ತು. ಆ ಷರತ್ತಿನಲ್ಲಿ ‘ಮುಷ್ಕರ’ ಎಂಬ ಪದ ಇದ್ದರೆ ಸಾಲದು, ಯಾರ ಮುಷ್ಕರ ಎಂದು ನೋಡಬೇಕು. ‘ಮಾರಾಟಗಾರನ ಕಾರ್ಖಾನೆಯ ಮುಷ್ಕರ’ ಎಂದಿದ್ದರೆ ತೀರ್ಥಹಳ್ಳಿಯ ಮುಷ್ಕರ ಅದರೊಳಗೆ ಬರುತ್ತದೆಂದು ಹೇಳುವುದು ಕಷ್ಟ. ಪೂರೈಕೆದಾರರ ಕಡೆಯ ಅಡಚಣೆಯನ್ನೂ ಹೆಸರಿಸಿದ್ದರೆ ದಾರಿ ಸಲೀಸು. ಸೂಚನೆ ಎಷ್ಟು ದಿನದೊಳಗೆ ಕೊಡಬೇಕು, ಎಷ್ಟು ದಿನ ಮೀರಿದರೆ ಗಿರಾಕಿ ಆರ್ಡರ್ ರದ್ದು ಮಾಡಬಹುದು ಎಂಬ ಎರಡು ಅಂಕಿಗಳನ್ನೂ ಅಲ್ಲಿಂದಲೇ ಬರೆದಿಟ್ಟುಕೊಳ್ಳಿ. ನಮ್ಮ ಉದಾಹರಣೆಯ ಕರಾರುಗಳಲ್ಲಿ ಪೂರೈಕೆದಾರರ ಕಡೆಯ ಮುಷ್ಕರವನ್ನೂ ಹೆಸರಿಸಲಾಗಿದೆ, ಸೂಚನೆಗೆ 7 ದಿನ, ರದ್ದತಿಗೆ 60 ದಿನ.

ಷರತ್ತೇ ಇಲ್ಲದ ಕರಾರಾದರೆ, ಅಥವಾ ನಮ್ಮಲ್ಲಿ ಹೆಚ್ಚಾಗಿ ನಡೆಯುವಂತೆ ಆರ್ಡರೇ ವಾಟ್ಸ್‌ಆ್ಯಪಿನಲ್ಲಿ ಬಂದಿದ್ದರೆ, ಪತ್ರದಲ್ಲಿ ಫೋರ್ಸ್ ಮೆಜ್ಯೂರ್ ಎಂಬ ಪದವನ್ನೇ ಬಳಸಬೇಡಿ. ಆಗ ಉಳಿಯುವುದು 1872ರ ಭಾರತೀಯ ಕರಾರು ಕಾಯಿದೆಯ 56ನೇ ಕಲಮು. ಅದು ಕೆಲಸ ನಿಜಕ್ಕೂ ಅಸಾಧ್ಯವಾದಾಗ ಕರಾರನ್ನೇ ಮುಗಿಸುತ್ತದೆ, ನಿಮಗೆ ಹದಿನೈದು ದಿನದ ವಾಯಿದೆ ಕೊಡುವುದಿಲ್ಲ. ಕೆಲಸ ದುಬಾರಿಯಾಯಿತು ಎಂಬುದು ಅಸಾಧ್ಯತೆಯಲ್ಲ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿದ್ದ ಪ್ರಶ್ನೆ ಇಂಡೋನೇಷ್ಯಾದ ಕಲ್ಲಿದ್ದಲಿನ ಬೆಲೆ ಏರಿಕೆಯದು, ಆದರೆ ಮಾತು ಹಾಳೆಗೂ ಸಲ್ಲುತ್ತದೆ. ಇಂಥ ಸಂದರ್ಭದಲ್ಲಿ ಅವಧಿ ವಿಸ್ತರಿಸಿ ಕೊಡಿ ಎಂದು ಕೇಳಿಕೊಳ್ಳುವ ಪತ್ರ ಬರೆಯಬೇಕು. ಅದೇ ಕಾಯಿದೆಯ 63ನೇ ಕಲಮಿನ ಪ್ರಕಾರ ಗಿರಾಕಿ ಒಪ್ಪಿ ಅವಧಿ ವಿಸ್ತರಿಸಬಹುದು, ಆದರೆ ಒಪ್ಪುವುದೂ ಬಿಡುವುದೂ ಅವರಿಗೆ ಸೇರಿದ್ದು.

ಬೇರೆ ಕಡೆ ಹುಡುಕಿ, ಹುಡುಕಿದ್ದಕ್ಕೆ ಗುರುತು ಇಟ್ಟುಕೊಳ್ಳಿ

ಪೂರೈಕೆದಾರನಲ್ಲಿ ಮುಷ್ಕರವಾಯಿತು ಎಂದರೆ ನಿಮಗೆ ಮಾಲು ಕೊಡಲು ಆಗದು ಎಂದು ಅರ್ಥವಲ್ಲ. ಸುಳ್ಯ, ಪುತ್ತೂರು ಕಡೆಯ ಹಾಳೆ ವ್ಯಾಪಾರಿಗಳನ್ನು ಕೇಳಿದಿರಾ ಎಂಬುದು ಗಿರಾಕಿಯ ಮೊದಲ ಪ್ರಶ್ನೆಯಾಗಿರುತ್ತದೆ. ನಮ್ಮ ಘಟಕದವರು ಮೂವರನ್ನು ಕೇಳಿದರು. ಇಬ್ಬರು ಮಳೆಗೆ ಹಾಳೆ ಬೂಷ್ಟು ಹಿಡಿದಿದೆ, ಕೊಡಲಾಗದು ಎಂದರು. ಒಬ್ಬರು 4,000 ತಟ್ಟೆಗೆ ಸಾಲುವಷ್ಟು ಹಾಳೆಯನ್ನು ಎರಡು ಪಟ್ಟು ದರಕ್ಕೆ ಕೊಡುತ್ತೇನೆ ಎಂದರು. ಇಷ್ಟು ದರಕ್ಕೆ ಬೇಡ ಎಂದು ಬಿಟ್ಟಿದ್ದರೆ ಆ 4,000 ತಟ್ಟೆಯ ಮಟ್ಟಿಗೆ ಮುಷ್ಕರದ ನೆಪ ನಿಲ್ಲುತ್ತಿರಲಿಲ್ಲ, ಆದ್ದರಿಂದ ಕೊಂಡರು. ಉಳಿದಿಬ್ಬರ ಉತ್ತರ ಫೋನಿನಲ್ಲಿ ಬಂದಿತ್ತು. ಅದೇ ಮಾತನ್ನು ಮೆಸೇಜಿನಲ್ಲಿ ಕೇಳಿ ತರಿಸಿಕೊಂಡರು.

ಹರತಾಳದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹರತಾಳಕ್ಕೆ ಏಳು ದಿನ ಮುಂಚಿತ ನೋಟಿಸು ಬೇಕೆಂದು ಕೇರಳ ಹೈಕೋರ್ಟು 2019ರ ಜನವರಿಯಲ್ಲಿ ಆದೇಶಿಸಿದೆ. ಮೊದಲೇ ಸಾರಿದ ಒಂದು ದಿನದ ಹರತಾಳವನ್ನು ಯಾರೂ ಊಹಿಸದ ಘಟನೆ ಎಂದು ಬೆಂಗಳೂರಿನ ಗಿರಾಕಿಗೆ ಒಪ್ಪಿಸಲು ಹೋಗಬೇಡಿ. ಹಿಂದಿನ ದಿನವೇ ಲಾರಿ ಕಳುಹಿಸಿ.

ಆರ್ಡರುಗಳನ್ನು ಬೇರೆ ಬೇರೆ ಮಾಡಿ

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ಒಂದು ಪೂರ್ತಿ ಬೆಳಗ್ಗೆಯನ್ನು ಇದಕ್ಕೇ ಇಡಿ. ಮುಷ್ಕರ ಒಂದೇ ಆದರೂ ಮೂರು ಆರ್ಡರುಗಳ ಮೇಲೆ ಅದರ ಪರಿಣಾಮ ಒಂದೇ ಅಲ್ಲ.

ಮಂಗಳೂರಿನ ಮಾಲು ಆಗಸ್ಟ್ 5ಕ್ಕೇ ಹೋಗಬೇಕಿತ್ತು, ಮುಷ್ಕರ ಶುರುವಾದದ್ದು 8ಕ್ಕೆ. ಈ ತಡಕ್ಕೂ ಮುಷ್ಕರಕ್ಕೂ ಸಂಬಂಧವಿಲ್ಲ. ಹಳೆಯ ತಡವನ್ನು ಹೊಸ ವಿಪತ್ತಿನ ಚೀಲಕ್ಕೆ ತುಂಬುವ ಈ ಅಭ್ಯಾಸವನ್ನು ದೆಹಲಿ ಹೈಕೋರ್ಟು 2020ರಲ್ಲಿ ಕೋವಿಡ್ ಕಾಲದ ಒಂದು ಪ್ರಕರಣದಲ್ಲಿಯೇ ಒಪ್ಪಲಿಲ್ಲ. ಮಂಗಳೂರಿನವರಿಗೆ ಫೋರ್ಸ್ ಮೆಜ್ಯೂರ್ ಪತ್ರ ಹೋಗಲೇಬಾರದು. ಅವರಿಗೆ ಹೋಗಬೇಕಾದದ್ದು ಕ್ಷಮೆ ಕೇಳುವ ಪತ್ರ ಮತ್ತು ಮಾಲು. ಕರಾರಿನಲ್ಲಿ ತಡದ ದಂಡವಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಉಳಿದ ಎರಡು ಆರ್ಡರುಗಳಿಗೆ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ, ಮುಷ್ಕರ ಆಗದಿದ್ದರೆ ಸಮಯಕ್ಕೆ ಕೊಡುತ್ತಿದ್ದೆನೇ ಎಂಬುದು. ಘಟಕದ ಯಂತ್ರಗಳಲ್ಲಿ ದಿನಕ್ಕೆ 5,000 ತಟ್ಟೆ ಆಗುತ್ತದೆ. ಸಿದ್ಧ ತಟ್ಟೆ 6,000 ಇದ್ದವು. ಎಂಟರಿಂದ ಇಪ್ಪತ್ತರವರೆಗಿನ 12 ದಿನದಲ್ಲಿ 60,000 ಆಗುತ್ತಿತ್ತು. ಅಂದರೆ ಮಂಗಳೂರಿನ ಬಾಕಿ ತೀರಿಸಿಯೂ ಬೆಂಗಳೂರಿನ 45,000 ಆಗಿ ಮಿಗುತ್ತಿತ್ತು, ಕೋಝಿಕ್ಕೋಡಿನದಕ್ಕೆ ಇನ್ನೂ ಐದು ದಿನ ಇತ್ತು. ಹೀಗೆ ಲೆಕ್ಕ ತೋರಿಸಲು ಆಗದಿದ್ದರೆ, ಯಂತ್ರ ಕೆಟ್ಟು ಹೇಗೂ ತಡವಾಗುತ್ತಿತ್ತು ಎಂದಿದ್ದರೆ, ಪತ್ರ ಬರೆಯುವ ಮೊದಲು ವಕೀಲರನ್ನು ಕಾಣಿ.

ಇನ್ನು ಕೈಯಲ್ಲಿರುವುದನ್ನು ಹಂಚುವ ಕೆಲಸ. ಸಿದ್ಧ ತಟ್ಟೆ 6,000, ಚಪ್ಪರದಲ್ಲಿ ಉಳಿದ ಹಾಳೆಯಿಂದ 20,000, ಎರಡು ಪಟ್ಟು ದರಕ್ಕೆ ಕೊಂಡದ್ದರಿಂದ 4,000, ಒಟ್ಟು 30,000. ಮಂಗಳೂರಿನ 10,000 ಕಳೆದರೆ 20,000 ಉಳಿಯಿತು. ಬೇಕಾದದ್ದು 60,000. ಅಂದರೆ ಪ್ರತಿಯೊಬ್ಬರಿಗೂ ಮೂರರಲ್ಲೊಂದು ಪಾಲು: ಬೆಂಗಳೂರಿಗೆ 15,000, ಕೋಝಿಕ್ಕೋಡಿಗೆ 5,000. ಹೀಗೆಯೇ ಹಂಚಬೇಕೆಂದು ಕರಾರು ಕಾಯಿದೆ ಹೇಳುವುದಿಲ್ಲ, ನಿಮ್ಮ ಕರಾರು ಹೇಳಿದ್ದರೆ ಅದರಂತೆ ನಡೆಯಬೇಕು. ಆದರೂ ದೊಡ್ಡ ಗಿರಾಕಿಗೆ ಎಲ್ಲವನ್ನೂ ಕೊಟ್ಟು ಚಿಕ್ಕವನಿಗೆ ‘ವಿಪತ್ತು’ ಎಂದು ಬರೆಯುವುದನ್ನು ನಾನು ಮಾಡಿಕೊಡುವುದಿಲ್ಲ. ಅವನಿಗೆ ಮಾಲು ಸಿಗದಂತೆ ಮಾಡಿದ್ದು ಆಗ ಮುಷ್ಕರವಲ್ಲ, ನಿಮ್ಮ ಆಯ್ಕೆ, ಮತ್ತು ಆ ಸುದ್ದಿ ಮಾರುಕಟ್ಟೆಯಲ್ಲಿ ಹಬ್ಬಲು ಎರಡು ದಿನ ಸಾಕು.

ಪತ್ರದ ಒಡಲು

ಕೋಝಿಕ್ಕೋಡಿನ ಗಿರಾಕಿಗೆ ಹೋದ ಪತ್ರದ ಮುಖ್ಯ ಭಾಗ ಹೀಗಿರಬಹುದು:

‘ನಮಗೆ ಹಾಳೆ ಒದಗಿಸುವ ವ್ಯಾಪಾರಿಯ ಗೋದಾಮಿನಲ್ಲಿ ಆಗಸ್ಟ್ 8ರಿಂದ ಲೋಡಿಂಗ್ ಕಾರ್ಮಿಕರ ಮುಷ್ಕರ ನಡೆಯುತ್ತಿದೆ. ನಮ್ಮ ಕರಾರಿನ ಫೋರ್ಸ್ ಮೆಜ್ಯೂರ್ ಷರತ್ತಿನ ಅಡಿಯಲ್ಲಿ ಈ ಸೂಚನೆ ಕೊಡುತ್ತಿದ್ದೇವೆ. ನಿಮ್ಮ 15,000 ತಟ್ಟೆಗಳಲ್ಲಿ 5,000 ತಟ್ಟೆಗಳು ನಿಗದಿಯಾದ ಆಗಸ್ಟ್ 25ರೊಳಗೆ ತಲುಪುತ್ತವೆ. ಉಳಿದ 10,000 ತಟ್ಟೆಗಳು ಆ ದಿನಕ್ಕೆ ತಲುಪಲಾರವು. ಲೋಡಿಂಗ್ ಮತ್ತೆ ಶುರುವಾದ ಮೇಲೆ ಹಾಳೆ ಬರಲು ಎರಡು ದಿನ, ಎಲ್ಲ ಬಾಕಿ ಆರ್ಡರುಗಳ ತಯಾರಿಗೆ ಎಂಟು ದಿನ, ಒಟ್ಟು ಹತ್ತು ದಿನ ಬೇಕು. ಮುಷ್ಕರ ಯಾವಾಗ ಮುಗಿಯುತ್ತದೆ ಎಂದು ಇಂದು ಹೇಳಲು ನಮ್ಮಿಂದಾಗದು. ಪ್ರತಿ ಸೋಮವಾರ ಸ್ಥಿತಿ ತಿಳಿಸುತ್ತೇವೆ. ಮುಷ್ಕರ 60 ದಿನ ಮೀರಿದರೆ ಆರ್ಡರ್ ರದ್ದು ಮಾಡುವ ಹಕ್ಕು ನಿಮಗಿದೆ. ಅದಕ್ಕೂ ಮೊದಲೇ ಬೇರೆಡೆ ಕೊಳ್ಳುವ ಅಗತ್ಯ ನಿಮಗಿದ್ದರೆ ತಿಳಿಸಿ, ಉಳಿದ ತಟ್ಟೆಗಳ ಮುಂಗಡವನ್ನು ಹಿಂದಿರುಗಿಸುತ್ತೇವೆ.’

ಕೊನೆಯ ವಾಕ್ಯ ಕರಾರಿನಲ್ಲಿ ಇರಲಿಲ್ಲ, ಅದು ನನ್ನ ಸಲಹೆ. ಗಿರಾಕಿಯ ಕೈಯನ್ನೂ ಕಟ್ಟಿ, ಅವರ ಹಣವನ್ನೂ ಇಟ್ಟುಕೊಂಡು ಕಾಯಿಸುವುದು ಸರಿಯಲ್ಲ. ಎರಡನೆಯದಾಗಿ, ‘ಶೀಘ್ರದಲ್ಲಿ’ ಎಂಬ ಪದ ಪತ್ರದಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ಆ ಪದವನ್ನು ನಂಬಿ ಮದುವೆ ಮನೆಯವರಿಗೆ ಮಾತು ಕೊಟ್ಟ ಕೇಟರಿಂಗಿನವರು ಸಿಟ್ಟಿನಿಂದ ಫೋನ್ ಮಾಡಿದ್ದನ್ನು ನಾನು ಕೇಳಿದ್ದೇನೆ. ಅವರ ಸಿಟ್ಟು ತಡಕ್ಕಿಂತ ಹೆಚ್ಚಾಗಿ ಆ ಪದದ ಮೇಲಿತ್ತು.

ಅಂತರ್ಜಾಲದಲ್ಲಿ ಸಿಗುವ ಸಿದ್ಧ ನಮೂನೆಗಳನ್ನು ಬಳಸಬೇಡಿ. ‘ದೈವಾಘಾತ’, ‘ಎಲ್ಲ ಹೊಣೆಯಿಂದ ಮುಕ್ತ’ ಎಂಬ ದೊಡ್ಡ ಮಾತುಗಳೇ ಅವುಗಳಲ್ಲಿ ತುಂಬಿರುತ್ತವೆ. ಯಾವ ಹೊಣೆಯಿಂದಲೂ ನೀವು ಪೂರ್ತಿ ಮುಕ್ತರಾಗುವುದಿಲ್ಲ. ಕೇಂದ್ರ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2020ರ ಫೆಬ್ರುವರಿಯಲ್ಲಿ ಸರ್ಕಾರಿ ಖರೀದಿಯ ಬಗ್ಗೆ ಹೊರಡಿಸಿದ ಜ್ಞಾಪನದಲ್ಲಿ ಇದನ್ನು ನೇರವಾಗಿಯೇ ಹೇಳಿದೆ: ಈ ಷರತ್ತು ಕೆಲಸವನ್ನು ಘಟನೆ ನಡೆಯುವಷ್ಟು ಕಾಲ ತಡೆಹಿಡಿಯುತ್ತದೆ ಅಷ್ಟೇ, ಕೆಲಸ ಮಾಡದೇ ಇರುವುದನ್ನು ಪೂರ್ತಿ ಮನ್ನಿಸುವುದಿಲ್ಲ, ಮತ್ತು ಸೂಚನೆ ಘಟನೆಯಾದ ಕೂಡಲೇ ಕೊಡಬೇಕು, ಎಲ್ಲ ಮುಗಿದ ಮೇಲೆ ಹಿಂದಿನಿಂದ ಹಕ್ಕು ಕೇಳುವಂತಿಲ್ಲ. ಇನ್ನೊಂದು ಮಾತು, ನೀವು ಬೇರೆಯವರಿಗೆ ಕೊಡಬೇಕಾದ ಹಣಕ್ಕೆ ಈ ಮುಷ್ಕರದಿಂದ ವಿನಾಯಿತಿ ಸಿಕ್ಕಿತೆಂದು ಭಾವಿಸಬೇಡಿ.

ಕಳುಹಿಸುವುದು

ಕರಾರಿನಲ್ಲಿ ಬರೆದ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ, ಜೊತೆಗೆ ಇಮೇಲಿನಲ್ಲಿ ಕಳುಹಿಸಿ. ಕರಾರು ಯಾವ ಭಾಷೆಯಲ್ಲಿದೆಯೋ ಪತ್ರವೂ ಆ ಭಾಷೆಯಲ್ಲಿರಲಿ. ಕೋಝಿಕ್ಕೋಡಿಗೆ ಕನ್ನಡದ ಪತ್ರ ಹೋಗಿ ಏಳು ದಿನ ಮೇಜಿನ ಮೇಲೆ ಬಿದ್ದಿದ್ದರೆ ಯಾರಿಗೆ ಲಾಭ? ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಚಿತ್ರ ಹಾಕಿ ಸೂಚನೆ ಕೊಟ್ಟೆ ಎನ್ನುವುದು ನಮ್ಮ ಊರಿನ ಅಚ್ಚುಮೆಚ್ಚಿನ ಸುಲಭ ದಾರಿ. ಕರಾರು ಲಿಖಿತ ಸೂಚನೆ ಕೇಳಿದಾಗ ಅದನ್ನು ನೆಚ್ಚಿಕೊಳ್ಳಬೇಡಿ. ಏಳು ದಿನವನ್ನು ಆಗಸ್ಟ್ 8ರಿಂದಲೇ ಎಣಿಸಿ, ಮುಷ್ಕರ ದೊಡ್ಡದೆಂದು ನಿಮಗೆ ಅನಿಸಿದ ದಿನದಿಂದ ಅಲ್ಲ.

ಮುಷ್ಕರ ಮುಗಿದ ದಿನ ಬರೆಯಬೇಕಾದ ಪತ್ರವನ್ನು ಬಹಳ ಮಂದಿ ಮರೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಆಗಸ್ಟ್ 23ರಂದು ಲೋಡಿಂಗ್ ಶುರುವಾಯಿತು, 25ಕ್ಕೆ ಹಾಳೆ ಬಂತು. ಅದೇ 23ರ ಸಂಜೆ ಇಬ್ಬರು ಗಿರಾಕಿಗಳಿಗೂ ಎರಡು ವಾಕ್ಯದ ಪತ್ರ ಹೋಯಿತು: ಮುಷ್ಕರ ಮುಗಿದಿದೆ, ಉಳಿದ ತಟ್ಟೆಗಳ ತಯಾರಿ ಸೆಪ್ಟೆಂಬರ್ 2ರೊಳಗೆ ಮುಗಿಯುತ್ತದೆ, ಅದರಿಂದಾಚೆಗೆ ಆಗುವ ತಡಕ್ಕೆ ಮುಷ್ಕರ ಕಾರಣವಲ್ಲ.